ಹದಿನಾರು ಸಾಲು, ಒಂದು ಹೆಸರು

ನನ್ನ ಮೇಜಿನ ಗಾಜಿನ ಕೆಳಗೆ ಒಂದು ಹಾಳೆ ಇದೆ. ಅದರ ಬಲಮೂಲೆಗೆ ಸಾರಿನ ಕಲೆ. ಇವತ್ತು ಬೆಳಿಗ್ಗೆ ಗಾಜೆತ್ತಿ ಒರೆಸುವಾಗ ಹಾಳೆ ಕೈಗೆ ಬಂತು. ಮೂಸಿ ನೋಡಿದೆ. ನಾಲ್ಕು ವರ್ಷದ ಹಿಂದಿನ ಸಾರು, ವಾಸನೆ ಎಲ್ಲಿಂದ ಬರಬೇಕು? ಆದರೂ ಮೂಸಿದೆ. ನೀವಾಗಿದ್ದರೂ ಮೂಸುತ್ತಿದ್ದಿರಿ.

ಅದು ಪದ್ಮಕ್ಕ ಹುಬ್ಬಳ್ಳಿಗೆ ವರ್ಗವಾಗಿ ಹೊರಟಾಗ ನಾನು ಬರೆದ ಬೀಳ್ಕೊಡುಗೆ ಪದ್ಯ. ಕುಂದಾಪುರದ ಈ ವಿಮಾ ಕಚೇರಿಯಲ್ಲಿ ಅವರದೂ ನನ್ನದೂ ಹನ್ನೊಂದು ವರ್ಷ ಅಕ್ಕಪಕ್ಕದ ಮೇಜು. ಅವರು ಕೋಡಿಯ ಮೀನುಗಾರರ ಮನೆಯವರು, ನಾನು ಸಾಸ್ತಾನದವನು.

ಇಲ್ಲಿ ನನ್ನ ಒಂದು ಗುಟ್ಟು ಹೇಳಿಬಿಡುತ್ತೇನೆ. ನನಗೆ ಉಗ್ಗು. ಎಲ್ಲ ಅಕ್ಷರಕ್ಕೂ ಅಲ್ಲ, ಮುಖ್ಯವಾಗಿ 'ಪ'ಕ್ಕೆ. ತುಟಿ ಕೂಡಿಸಿದರೆ ಬಿಡಿಸಲಾಗುವುದಿಲ್ಲ. ಹೋಟೆಲಿನಲ್ಲಿ ಪೂರಿ ಬೇಕೆನಿಸಿದಾಗಲೆಲ್ಲ ಇಡ್ಲಿ ತಿಂದೆದ್ದವನು ನಾನು. ಇಂಥವನಿಗೆ ಕೆಲಸ ಸಿಕ್ಕಿದ್ದು ಪಾಲಿಸಿ, ಪ್ರೀಮಿಯಂ ಎನ್ನದೆ ದಿನ ದೂಡಲಾಗದ ಕಚೇರಿಯಲ್ಲಿ. ನಾನು 'ಪ' ಎಂದು ನಿಂತರೆ ಎದುರಿದ್ದವರು ಮಿಕ್ಕದ್ದನ್ನು ತಾವೇ ತುಂಬಿಸುತ್ತಿದ್ದರು. ಪಾಸ್‌ಬುಕ್ಕಾ? ಪಾನ್ ಕಾರ್ಡಾ? ಕೊನೆಗೆ ಅವರು ಹೇಳಿದ್ದಕ್ಕೇ ತಲೆಯಾಡಿಸಿ, ಬೇಡದ ಕಾಗದ ತರಿಸಿಕೊಂಡದ್ದೂ ಉಂಟು.

ಪದ್ಮಕ್ಕ ಮಾತ್ರ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನ್ನ ಮಾತನ್ನು ತುಂಬಿಸಿಕೊಡಲಿಲ್ಲ. ನನ್ನ ಮೇಜಿನ ಫೋನ್ ಹೊಡೆದುಕೊಂಡಾಗ ಬೇರೆಯವರು ಓಡಿ ಬಂದು ಎತ್ತಿದರೆ, "ಬಿಡಿ, ಫೋನ್ ಅವ್ರದ್ದ್, ಅವ್ರೇ ಮಾತಾಡ್ತ್ರ್" ಎನ್ನುವರು. ನಾನು ಸಿಕ್ಕಿಕೊಂಡಾಗ ಸುಮ್ಮನೆ ಕಾಯುವರು. ಮುಖದಲ್ಲಿ ಕನಿಕರವೂ ಇಲ್ಲ, ಅವಸರವೂ ಇಲ್ಲ. ಅಂಥವರ ಹೆಸರೇ ನನ್ನ ಬಾಯಿಗೆ ಬರುತ್ತಿರಲಿಲ್ಲ. ಪುಣ್ಯಕ್ಕೆ ನಮ್ಮ ಕಡೆ 'ಹ್ವಾಯ್' ಎಂಬ ಕರೆ ಇದೆಯಲ್ಲ, ಬರೀ ಉಸಿರು ಬಿಟ್ಟರೆ ಸಾಕು. ಹನ್ನೊಂದು ವರ್ಷ ಅವರನ್ನು ನಾನು ಕರೆದದ್ದು ಹ್ವಾಯ್ ಎಂದೇ.

ಉಗ್ಗಿನವನು ಪದ್ಯಕ್ಕೇಕೆ ಬಿದ್ದ ಎಂದು ನೀವು ಕೇಳಬಹುದು. ತಾಳಕ್ಕೆ ಬಿದ್ದ ಮಾತು ನನ್ನ ನಾಲಿಗೆಯಲ್ಲಿ ಅಷ್ಟಾಗಿ ತಡೆಯುವುದಿಲ್ಲ. ಹಾಗಾಗಿ ಕಚೇರಿಯಿಂದ ಯಾರು ಹೊರಟರೂ ಬೀಳ್ಕೊಡುಗೆ ಊಟದ ಪದ್ಯ ನನ್ನದು. ಅದಕ್ಕೆ ಕೆಲವು ಕಟ್ಟುಪಾಡುಗಳನ್ನೂ ಮಾಡಿಕೊಂಡಿದ್ದೆ. ಹದಿನಾರು ಸಾಲಿಗಿಂತ ಉದ್ದವಾಗಬಾರದು, ಎಲೆಯ ಮೇಲಿನ ಅನ್ನ ಆರುತ್ತದೆ. ಹೊರಟವರ ಮೈಗಾತ್ರ, ರಜೆ, ಮನೆಯ ಜಗಳ ಇವು ಬರಕೂಡದು. ಉಳಿದವರೆಲ್ಲ ಒಂದೊಂದು ಸಾಲಿನಲ್ಲಾದರೂ ಇಣುಕಬೇಕು, ಏಕೆಂದರೆ ಜನ ಕಿವಿ ನಿಮಿರಿಸಿ ಕಾಯುವುದು ತಮ್ಮ ಹೆಸರಿಗೆ. ಓದುವುದು ಸಾರು ಮುಗಿದು ಪಾಯಸ ಬರುವ ಮೊದಲು. ಶುದ್ಧ ಪ್ರತಿಯ ಬೆನ್ನಿಗೆ ಎಲ್ಲರ ಸಹಿ ಹಾಕಿಸಿ ಹೊರಟವರಿಗೆ ಕೊಡುವುದು. ಇಷ್ಟೆಲ್ಲ ಮಾಡುವ ಮಹಾಕವಿ ಓದುವ ಹೊತ್ತಿಗೆ ಕಂಬದ ಹಿಂದೆ. ಗಟ್ಟಿಯಾಗಿ ಓದುತ್ತಿದ್ದವರು ಪದ್ಮಕ್ಕ.

ಈಗ ಅವರೇ ಹೊರಟರು. ಓದುವವರು ಯಾರು?

"ನಾನೇ ಓದಲಾ?" ಎಂದರು ಮ್ಯಾನೇಜರು, ಒಳ್ಳೆಯ ಮನಸ್ಸಿನಿಂದಲೇ.

"ಯಾರೂ ಬ್ಯಾಡ. ಬರ್ದವ್ರೇ ಓದ್ಕ್. ಇಲ್ದಿದ್ರೆ ನಂಗ್ ಪದ್ಯವೇ ಬ್ಯಾಡ" ಎಂದರು ಪದ್ಮಕ್ಕ. ನನ್ನ ಕಡೆ ನೋಡಲೂ ಇಲ್ಲ.

ನನಗೆ ಸಿಟ್ಟು ಬಂತು. ಹೋಗುವಾಗ ಹೀಗೆ ಸಿಕ್ಕಿಸಿ ಹೋಗುವುದೇ? ಆದರೆ ಅವರಿಗೆ ನಾನು ಒಮ್ಮೆಯೂ ಕೃತಜ್ಞತೆ ಹೇಳಿರಲಿಲ್ಲ. ಇನ್ನು ಹೇಳಲು ಉಳಿದಿದ್ದ ಅವಕಾಶ ಆ ಬೀಳ್ಕೊಡುಗೆ ಊಟವೊಂದೇ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು, ಹೀಗೆ ತೂಗುವ ನಡೆ ಆರಿಸಿಕೊಂಡೆ. ಎರಡನೆಯ ಅಕ್ಷರಕ್ಕೆ ಪ್ರಾಸ ಕೂರಿಸಿದೆ.

ಕಡಲ ದಡದಲಿ ಬೆಳಗು ಮೂಡಲು
ಬಿಡದೆ ಎಂಟರ ಬಸ್ಸು ಹಿಡಿದಿರಿ
ಕೊಡೆಯ ನೀರನು ಕೊಡವಿ ಒಳಗಡೆ
ನಡೆದು ಬಂದಿರಿ ನಗುತಲೇ

ಹದಿನಾರು ಸಾಲಿನಲ್ಲಿ ಒಂದು ಪದವೂ 'ಪ'ದಿಂದ ಶುರುವಾಗದಂತೆ ನೋಡಿಕೊಂಡೆ. ಕೊನೆಯಲ್ಲಿ ಹೀಗಿತ್ತು:

ಹೋಗಿ ಬನ್ನಿರಿ ಅಕ್ಕ, ನಮ್ಮನು
ಕೂಗಿ ಕರೆಯಿರಿ ಒಮ್ಮೆಯಾದರು

ಸಾಸ್ತಾನದಿಂದ ಕುಂದಾಪುರದವರೆಗೆ ಸ್ಕೂಟರಿನಲ್ಲಿ, ಹೆಲ್ಮೆಟ್ಟಿನೊಳಗೆ, ಒಂದು ವಾರ ಹೇಳಿಕೊಂಡೆ. ಟೋಲ್ ಗೇಟಿನವರು ನನಗೆ ತಲೆ ಕೆಟ್ಟಿದೆಯೆಂದೇ ತಿಳಿದಿರಬೇಕು. ಎಲ್ಲೂ ತಡೆಯಲಿಲ್ಲ. ಆದರೆ ಒಂದು ಮುಳ್ಳು ಉಳಿಯಿತು. 'ಅಕ್ಕ' ಮೂರು ಮಾತ್ರೆ, 'ಪದ್ಮ'ವೂ ಮೂರೇ. ಆ ಜಾಗ ಅವರ ಹೆಸರಿನದು, ಹೆದರಿ ಅಲ್ಲಿ ಬೇರೆ ಪದ ಕೂರಿಸಿದವನು ನಾನು.

ಊಟದ ದಿನ ಕಡತಗಳ ಕೋಣೆಯಲ್ಲಿ ಮೇಜು ಜೋಡಿಸಿ ಎಲೆ ಹಾಕಿದ್ದರು. ತಮ್ಮದೇ ಬೀಳ್ಕೊಡುಗೆಗೆ ಪದ್ಮಕ್ಕ ಮನೆಯಿಂದ ಬಂಗುಡೆ ಹುರಿದು ತಂದಿದ್ದರು. ಸಾರು ಮುಗಿಯಿತು. ಎಡಗೈಯಲ್ಲಿ ಹಾಳೆ ಹಿಡಿದು ಎದ್ದೆ. ಮೊದಲ ಸಾಲು ಹೊರಬಿತ್ತು, ಎರಡನೆಯದೂ. ಸ್ಕೂಟರಿನ ಮೇಲೆ ಓಡಿದಂತೆಯೇ ಪದ್ಯ ಓಡಿತು. ಮ್ಯಾನೇಜರ ಸಾಲಿಗೆ ಎಲ್ಲರೂ ನಕ್ಕರು. ಹದಿನಾಲ್ಕು ಸಾಲು ಮುಗಿದೇಹೋಯಿತು.

"ಹೋಗಿ ಬನ್ನಿರಿ" ಎಂದೆ. ಹಾಳೆಯಲ್ಲಿ 'ಅಕ್ಕ' ಎಂದೇ ಇತ್ತು. ಓದಿ ಕೂತಿದ್ದರೆ ಚಪ್ಪಾಳೆ ಸಿಗುತ್ತಿತ್ತು. ಆದರೆ ತಲೆಯೆತ್ತಿ ಅವರ ಮುಖ ನೋಡಿದೆ, ತುಟಿಗಳು ತಾವಾಗಿ ಕೂಡಿಕೊಂಡವು.

ಕೂಡಿದವು ಬಿಡಲಿಲ್ಲ. ತಾಳ ತಪ್ಪಿತು. ಹಾಳೆ ಕೆಳಗಿಳಿದು ಮೂಲೆ ಎಲೆಯಲ್ಲಿ ಉಳಿದಿದ್ದ ಸಾರಿನೊಳಗೆ ಅದ್ದಿತು. ಯಾರೋ "ಪಯಣಕ್ಕೆ!" ಎಂದು ಸಹಾಯ ಮಾಡಿದರು. ಮ್ಯಾನೇಜರು ಹಾಳೆಗೆ ಕೈ ನೀಡಿದರು. ಪದ್ಮಕ್ಕ ಮೀನಿನ ಮಸಾಲೆ ಮೆತ್ತಿದ ಬಲಗೈಯನ್ನೇ ಮೇಲೆತ್ತಿದರು.

"ಹ್ವಾಯ್, ಸುಮ್ನಿರಿ. ಅವ್ರ್ ಹೇಳ್ತ್ರ್. ಎಂತ ಅರ್ಜೆಂಟ್ ನಿಮ್ಗೆ?"

ಮ್ಯಾನೇಜರು ನೀಡಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಪದ್ಮಕ್ಕ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷ ಹೇಗೆ ಕಾದಿದ್ದರೋ ಹಾಗೆಯೇ ಕಾದರು.

"ಪದ್ಮ" ಎಂದೆ. ಉಳಿದದ್ದು ತಾನಾಗಿ ಬಂತು.

ಚಪ್ಪಾಳೆ ನನಗೆ ಸರಿಯಾಗಿ ಕೇಳಲಿಲ್ಲ. ಕೈ ತೊಳೆಯುವಲ್ಲಿ ಅವರು ಸಿಕ್ಕಿದರು, ಕಣ್ಣು ಕೆಂಪಗಿತ್ತು. "ಇಷ್ಟ್ ವರ್ಷ ನಿಮ್ ಪದ್ಯ ನಾನ್ ಓದಿದ್ದೇ ತಪ್ಪಾಯ್ತ್ ಕಾಣಿ, ಕವಿಗಳೇ" ಎಂದರು. ಶುದ್ಧ ಪ್ರತಿ ಅವರ ಜೊತೆ ಹುಬ್ಬಳ್ಳಿಗೆ ಹೋಯಿತು, ಕಲೆಯಾದದ್ದು ನನಗೆ ಉಳಿಯಿತು.

ಆಮೇಲೆ ಕಚೇರಿಯಿಂದ ಮೂವರು ಹೊರಟರು. ಮೂವರ ಪದ್ಯವನ್ನೂ ನಾನೇ ಓದಿದೆ, ತಡೆದು ತಡೆದು. ಜನ ಕಾಯುತ್ತಾರೆ. ಕಾಯುವುದನ್ನು ಅವರಿಗೂ ಪದ್ಮಕ್ಕ ಕಲಿಸಿ ಹೋಗಿದ್ದರು. ಆದರೆ ಒಮ್ಮೆಯಾದರೂ ಕೂಗಿ ಕರೆಯಿರಿ ಎಂದು ಅವರಿಗೆ ಬರೆದುಕೊಟ್ಟ ನಾನು ಈ ನಾಲ್ಕು ವರ್ಷ ಕಳಿಸಿದ್ದು ಬರೀ ಹಬ್ಬದ ಸಂದೇಶ. ಫೋನಿನಲ್ಲಿ ಕಾಯುವ ಮುಖ ಕಾಣುವುದಿಲ್ಲವಲ್ಲ, ಅದಕ್ಕೇ ಹೆದರಿಕೆ.

ಇವತ್ತು ಗಾಜು ಒರೆಸಿ ಹಾಳೆಯನ್ನು ಅದರ ಜಾಗದಲ್ಲಿಟ್ಟೆ. ಕಚೇರಿಯ ಫೋನಿನಿಂದ ನಂಬರ್ ಒತ್ತಿದೆ.

"ಹಲೋ?"

ತುಟಿ ಕೂಡಿತು. ಆ ಕಡೆ ಯಾರೂ ಮತ್ತೆ ಹಲೋ ಎನ್ನಲಿಲ್ಲ, ಯಾರು ಎಂದು ಕೇಳಲಿಲ್ಲ. ಹುಬ್ಬಳ್ಳಿಯ ಬಸ್ಸುಗಳ ಹಾರನ್ ಮಾತ್ರ ಕೇಳುತ್ತಿತ್ತು.

"ಪ... ಪದ್ಮಕ್ಕ" ಎಂದೆ.

"ಹ್ವಾಯ್ ಕವಿಗಳೇ," ಎಂದರು ಅವರು, "ಹೇಳಿ, ಕೇಂತಾ ಇದ್ದೆ."