ಅಚ್ಚಿನ ಜೊತೆ ಕಚ್ಚಿದವರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಮೇಷ್ಟ್ರು ಒಂದು ದವಡೆ ಹಲ್ಲಿನ ಕ್ಯಾಪನ್ನು ಪ್ಲಾಸ್ಟರ್ ಅಚ್ಚಿನ ಮೇಲೆ ಕೂರಿಸಿ, ನಡುವೆ ಹಲ್ಲು ತಾಗಿದಲ್ಲಿ ಗುರುತು ಬೀಳಿಸುವ ನೀಲಿ ಕಾಗದವಿಟ್ಟು, ಆರ್ಟಿಕ್ಯುಲೇಟರನ್ನು ಮುಚ್ಚುತ್ತಿದ್ದರು. ಮೇಲಿನ ಅಚ್ಚನ್ನೂ ಕೆಳಗಿನ ಅಚ್ಚನ್ನೂ ಹಿಡಿದುಕೊಂಡು ಮನುಷ್ಯನ ದವಡೆಯಂತೆ ತೆರೆದು ಮುಚ್ಚುವ ಲೋಹದ ಕೀಲು ಅದು. ಟಕ್ ಎಂದಿತು. ಅದರ ಜೊತೆಗೇ ಮೇಷ್ಟ್ರ ಬಾಯೊಳಗೂ ಹಲ್ಲುಗಳು ಟಕ್ ಎಂದವು. ಆಮೇಲೆ ಅವರು ಎಡಗೈ ಹೆಬ್ಬೆರಳಿನಿಂದ ಕಣ್ಣಿಗೂ ಕಿವಿಗೂ ನಡುವಿನ ಎಡ ಕಣತಲೆಯನ್ನು ಒತ್ತಿಕೊಂಡರು.

ಅವರು ಶಾಲೆಯಲ್ಲಿ ಪಾಠ ಮಾಡಿದವರಲ್ಲ. ಹಲ್ಲಿನ ಲ್ಯಾಬಿನಲ್ಲಿ ಕ್ಯಾಪು, ಕಟ್ಟುಹಲ್ಲು, ನೈಟ್ ಗಾರ್ಡು ಮಾಡುವ ಕೆಲಸ. ಕಿಟಕಿ ಪಕ್ಕದ ಒಂದೇ ಮೇಜಿನಲ್ಲಿ ಇಪ್ಪತ್ತಾರು ವರ್ಷ ಕೂತು, ಬಂದವರಿಗೆಲ್ಲ ಕೆಲಸ ಕಲಿಸಿದ್ದರಿಂದ ಆ ಹೆಸರು ಬಂತು. ಅವರು ಕಲಿಸುತ್ತಿದ್ದ ಮೊದಲ ಪಾಠ ಇದು: “ಅಚ್ಚು ಮುಚ್ಚಿದಾಗ ನಿನ್ನ ಹಲ್ಲೂ ಮುಚ್ಚು. ಕಣ್ಣಿಗೆ ಕಾಣದ್ದು ಬಾಯಿಗೆ ಗೊತ್ತಾಗುತ್ತೆ. ಎಚ್ಚರ ಇರೋವಷ್ಟು ಹೊತ್ತೂ ಹಲ್ಲು ಹಲ್ಲಿನ ಮೇಲೆ ಕೂತಿರ್ಬೇಕು, ದಿನಕ್ಕೆ ಹದಿನಾರು ಗಂಟೆ. ಅದಕ್ಕೇ ನಮ್ಮ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪೂ ಆಗಲ್ಲ.”

ನಾಲ್ಕು ವರ್ಷದಿಂದ ತಲೆನೋವು. ವಾರಕ್ಕೆ ಐದಾರು ದಿನ, ಮೂರು ಗಂಟೆಯ ಹೊತ್ತಿಗೆ ಎರಡೂ ಕಣತಲೆಗಳನ್ನು ಯಾರೋ ಇಕ್ಕಳದಲ್ಲಿ ಹಿಡಿದಂತೆ. ಕನ್ನಡಕ ಬದಲಾಯಿತು. ತಲೆಯ ಸ್ಕ್ಯಾನ್ ಆಯಿತು, ಏನೂ ಸಿಗಲಿಲ್ಲ. ನೋವು ಏರುವ ಮುಂಚೆ ಕೆಲಸ ಮುಗಿಸುವ ಆತುರದಲ್ಲಿ ಕ್ಯಾಪುಗಳು ಎತ್ತರವಾಗಿ ಉಳಿದು ವಾಪಸ್ ಬರತೊಡಗಿದವು. ಲ್ಯಾಬಿನ ಯಜಮಾನರು ಕರೆದು ಹೇಳಿದರು: “ಮೇಷ್ಟ್ರೇ, ಮೂರು ತಿಂಗಳು ನೋಡ್ತೀನಿ. ಐದಕ್ಕಿಂತ ಜಾಸ್ತಿ ವಾಪಸ್ ಬಂದ್ರೆ ಆ ಮೇಜು ನಿಮ್ಮ ಶಿಷ್ಯೆಗೆ. ನೀವು ಪ್ಯಾಕಿಂಗ್ ನೋಡ್ಕೊಳ್ಳಿ.” ಶಿಷ್ಯೆ ಪಕ್ಕದ ಮೇಜಿನಲ್ಲೇ ತಲೆ ಬಗ್ಗಿಸಿ ಕೂತಿದ್ದಳು. ಆರು ವರ್ಷದ ಹಿಂದೆ ಅವರೇ ಕೈಹಿಡಿದು ಕಲಿಸಿದ ಹೆಂಗಸು.

ಅದಾಗಿ ಒಂದು ವಾರಕ್ಕೆ, ಕ್ಯಾಪು ಮಾಡಿಸಿಕೊಂಡಿದ್ದ ಕ್ಲಿನಿಕ್ಕಿನ ಡಾಕ್ಟ್ರಮ್ಮ ತಾವೇ ಅದನ್ನು ಹಿಡಿದು ಲ್ಯಾಬಿಗೆ ಬಂದರು.

“ಮೇಷ್ಟ್ರೇ, ಇದೂ ಎತ್ತರ. ಬಾಯಿ ಮುಚ್ಚಿದ್ರೆ ಇದೊಂದೇ ಮುಟ್ಟುತ್ತೆ.”

“ಅಚ್ಚಲ್ಲಿ ಸರಿಯಾಗೇ ಇತ್ತಮ್ಮ. ನೋಡಿ ಬೇಕಾದ್ರೆ.” ಮೇಷ್ಟ್ರು ಕೀಲನ್ನು ಎರಡು ಮೂರು ಸಲ ತೆರೆದು ಮುಚ್ಚಿ ತೋರಿಸಿದರು.

ಡಾಕ್ಟ್ರಮ್ಮ ಅಚ್ಚನ್ನು ನೋಡಲಿಲ್ಲ. “ನಿಮ್ಮ ಕಣತಲೆ ಮೇಲೆ ಎರಡೂ ಕೈ ಇಡಿ. ಈಗ ಕಚ್ಚಿ. ಬಿಡಿ. ಇನ್ನೊಂದ್ಸಲ.”

ಬೆರಳಿನ ಕೆಳಗೆ ಮಾಂಸ ಉಬ್ಬಿತು, ಇಳಿಯಿತು. ಕೆಳದವಡೆಯನ್ನು ಎತ್ತುವ ಸ್ನಾಯು ಕಣತಲೆಯ ಮೇಲೆ ಬೀಸಣಿಗೆಯಂತೆ ಹರಡಿಕೊಂಡಿರುತ್ತದೆ. ಹಲ್ಲು ಕಚ್ಚಿದಷ್ಟು ಹೊತ್ತೂ ಅದು ದುಡಿಯುತ್ತದೆ, ದಣಿಯುತ್ತದೆ, ನೋಯುತ್ತದೆ. ಡಾಕ್ಟ್ರಮ್ಮ ಅಲ್ಲಿ ಒತ್ತಿದರು.

“ಅಯ್ಯೋ! ಅದೇ, ಅದೇ ನೋವು.”

ಬಾಯಿ ತೆರೆಸಿ ನೋಡಿದರು. ಕೋರೆಹಲ್ಲಿನ ತುದಿ ಚಪ್ಪಟೆ. ಕೆನ್ನೆಯ ಒಳಗೆ ಬಿಳಿ ಗೆರೆ, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು. “ಬೇರೆಯವರ ಅಚ್ಚಲ್ಲಿ ಇದನ್ನ ನೋಡಿದ್ರೆ ಏನಂತೀರ?”

“ಹಲ್ಲು ಕಡಿಯೋ ಗಿರಾಕಿ ಅಂತೀನಿ,” ಎಂದವರು ನಾಲಿಗೆಯಿಂದ ತಮ್ಮದೇ ಕೋರೆಹಲ್ಲನ್ನು ಮುಟ್ಟಿ ನೋಡಿಕೊಂಡರು.

“ರಾತ್ರಿ ಕಡೀತೀರ. ಹಗಲು ಕಚ್ಕೊಂಡಿರ್ತೀರ. ಅಗಿಯೋದು, ನುಂಗೋದು ಎಲ್ಲ ಸೇರಿಸಿದ್ರೂ ದಿನಕ್ಕೆ ಹಲ್ಲಿಗೆ ಹಲ್ಲು ತಾಗೋದು ಹೆಚ್ಚುಕಮ್ಮಿ ಇಪ್ಪತ್ತು ನಿಮಿಷ. ಮಿಕ್ಕ ಹೊತ್ತು ತುಟಿ ಮುಚ್ಚಿರ್ಬೇಕು, ಹಲ್ಲು ಬಿಟ್ಟಿರ್ಬೇಕು. ರಾತ್ರಿ ಹಾಕ್ಕೊಳ್ಳೋಕೆ ನೈಟ್ ಗಾರ್ಡ್ ಮಾಡ್ಕೊಳ್ಳಿ. ಕ್ಲಿನಿಕ್ಕಿಗೆ ಬನ್ನಿ, ಬಾಯಲ್ಲಿ ಹಾಕಿ ಸರಿ ಮಾಡ್ತೀನಿ.”

ನೂರಾರು ಗಾರ್ಡು ಮಾಡಿದ ಕೈ. ಅವತ್ತು ಸಂಜೆಯೇ ಶಿಷ್ಯೆಯಿಂದ ತಮ್ಮ ಹಲ್ಲಿನ ಅಳತೆ ತೆಗೆಸಿ, ಮರುದಿನ ಮೇಲಿನ ಹಲ್ಲನ್ನೆಲ್ಲ ಮುಚ್ಚುವ ಗಟ್ಟಿ ಅಕ್ರಿಲಿಕ್ ಗಾರ್ಡು ಮಾಡಿಕೊಂಡರು. ಗಾಜಿನಂತೆ ಪಾಲಿಶ್ ಕೊಟ್ಟರು. ಕ್ಲಿನಿಕ್ಕಿಗೆ ಮಾತ್ರ ಹೋಗಲಿಲ್ಲ. “ಅವರು ಉಜ್ಜಿ ಸರಿ ಮಾಡೋದಾದ್ರೆ ಇಷ್ಟು ವರ್ಷ ನಾನೇನು ಕತ್ತೆ ಕಾಯ್ತಿದ್ನಾ?”

ಮೂರು ವಾರ ನೋವು ಹೆಚ್ಚಾಯಿತು, ಎಡಗಡೆಯೇ ಹೆಚ್ಚು. ಹೆಂಡತಿ ಮದುವೆಯಾದ ವರ್ಷದಿಂದ ಅವರನ್ನು ಗಿರಣಿ ಎನ್ನುತ್ತಿದ್ದಳು. ಈಗ ಹೇಳಿದಳು: “ಗಿರಣಿ ನಿಂತಿಲ್ಲ, ಕಲ್ಲು ಬದಲಾಯ್ಸಿದೀರ ಅಷ್ಟೆ.”

“ಆ ಡಾಕ್ಟ್ರಮ್ಮನ ಮಾತು ಕೇಳಿ ಕೆಟ್ಟೆ ಕಣೆ.”

“ಅವರ ಮಾತು ಅರ್ಧ ಕೇಳಿದ್ರಿ. ನನ್ನ ಮಾತು ಅಷ್ಟೂ ಕೇಳಿರ್ಲಿಲ್ಲ.”

ಡಾಕ್ಟ್ರಮ್ಮ ತಂದದ್ದೂ ಸೇರಿ ಅಷ್ಟರಲ್ಲಿ ನಾಲ್ಕು ಕ್ಯಾಪು ವಾಪಸ್ ಬಂದಿದ್ದವು.

ಕೊನೆಗೆ ಮೇಷ್ಟ್ರು ಕ್ಲಿನಿಕ್ಕಿಗೆ ಹೋದರು. ಡಾಕ್ಟ್ರಮ್ಮ ಗಾರ್ಡು ಹಾಕಿಸಿ ನೀಲಿ ಕಾಗದ ಕಚ್ಚಿಸಿದರು. ಗುರುತು ಬಿದ್ದದ್ದು ಎಡಗಡೆ ಎರಡೇ ಕಡೆ. ಮೇಷ್ಟ್ರು ಕನ್ನಡಿಯಲ್ಲಿ ಅದನ್ನೇ ನೋಡುತ್ತ ಕೂತರು. ಲೋಹದ ಕೀಲಿಗೆ ಸ್ನಾಯುವಿಲ್ಲ. ಅದು ತಿರುಗುವುದೂ ನಿಜವಾದ ದವಡೆಯ ಹಾಗಲ್ಲ. ಅಚ್ಚಿನ ಮೇಲೆ ಸರಿಯಾದದ್ದು ಬಾಯಲ್ಲೂ ಸರಿಯಾಗಲೇಬೇಕೆಂದೇನಿಲ್ಲ. ಉಜ್ಜಿ, ಕಚ್ಚಿಸಿ, ಮತ್ತೆ ಉಜ್ಜಿ, ಇಪ್ಪತ್ತು ನಿಮಿಷದಲ್ಲಿ ಎರಡೂ ಕಡೆ ಸಮನಾಗಿ ಗುರುತು ಬೀಳುವಂತೆ ಮಾಡಿದರು.

“ಇದು ಕಡಿಯೋದನ್ನ ನಿಲ್ಲಿಸಲ್ಲ ಮೇಷ್ಟ್ರೇ, ಹಲ್ಲು ಸವೆಯೋದನ್ನ ತಡೆಯುತ್ತೆ. ಹಗಲಿನದ್ದು ನೀವೇ ಬಿಡ್ಬೇಕು.”

ಹಗಲಿನದ್ದೇ ಕಷ್ಟವಾಯಿತು. ಕೆಂಪು ಚುಕ್ಕಿ ಸ್ಟಿಕರುಗಳನ್ನು ದೀಪದ ಮೇಲೆ, ಡ್ರಿಲ್ಲಿನ ಹಿಡಿಯ ಮೇಲೆ, ಆರ್ಟಿಕ್ಯುಲೇಟರಿನ ಮೇಲೆ ಅಂಟಿಸಿಕೊಂಡರು. ಚುಕ್ಕಿ ಕಂಡಾಗೆಲ್ಲ ನಾಲಿಗೆಯ ತುದಿಯನ್ನು ಮೇಲಿನ ಮುಂದಿನ ಹಲ್ಲುಗಳ ಹಿಂದೆ ಮೆಲ್ಲಗೆ ಇಟ್ಟು, ದವಡೆ ಸಡಿಲ ಬಿಟ್ಟು, ಉಸಿರು ಬಿಡಬೇಕು. ಮೊದಲ ದಿನ ನೋಡಿದಾಗೆಲ್ಲ ಹಲ್ಲು ಕಚ್ಚಿಯೇ ಇತ್ತು. ನಲವತ್ತು ಸಲ ನೋಡಿದರೆ ನಲವತ್ತು ಸಲವೂ. ಸಂಜೆ ಮನೆಯಲ್ಲಿ ಕೆನ್ನೆಗೂ ಕಣತಲೆಗೂ ಬಿಸಿನೀರಿನ ಬಟ್ಟೆ. ನೋವು ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ಮೊದಲ ವಾರ ಆರು. ನಾಲ್ಕನೆಯ ವಾರ ನಾಲ್ಕು. ಎಂಟನೆಯ ವಾರ ಒಂದು. ಅಷ್ಟು ದಿನಗಳಲ್ಲಿ ವಾಪಸ್ ಬಂದದ್ದು ಎರಡೇ ಕ್ಯಾಪು, ಅವೂ ಮೊದಲ ಹತ್ತು ದಿನದಲ್ಲಿ.

ಅವಧಿ ಮುಗಿಯಿತು. ಯಜಮಾನರು ಪುಸ್ತಕ ತೆರೆದರು. “ನಾಲ್ಕು ಪ್ಲಸ್ ಎರಡು.”

“ಕೊನೇ ಏಳು ವಾರದಲ್ಲಿ ಒಂದೂ ಇಲ್ವಲ್ಲ.”

“ಮೂರು ತಿಂಗಳು ಅಂದಿದ್ದೆ ಮೇಷ್ಟ್ರೇ. ಕೊನೇ ಏಳು ವಾರ ಅಂದಿರ್ಲಿಲ್ಲ.”

ಮೇಷ್ಟ್ರ ಹಲ್ಲು ಗಟ್ಟಿಯಾಗಿ ಕಚ್ಚಿತು. ಅವತ್ತಿನ ದಿನಕ್ಕೂ ಕ್ಯಾಲೆಂಡರಿನಲ್ಲಿ ಗುರುತು ಬಿತ್ತು.

ಈಗ ಅವರು ಬಾಗಿಲ ಬಳಿ ನಿಂತು ಕ್ಯಾಪುಗಳನ್ನು ಪುಟ್ಟ ಡಬ್ಬಿಗಳಿಗೆ ತುಂಬಿ ಚೀಟಿ ಅಂಟಿಸುತ್ತಾರೆ. ತಲೆನೋವು ತಿಂಗಳಿಗೆ ಎರಡೋ ಮೂರೋ ಸಲ. “ನೋವು ಹೋಯ್ತಲ್ಲ, ಅಷ್ಟು ಸಾಕಲ್ವಾ?” ಎಂದು ಹೆಂಡತಿ ಕೇಳಿದರೆ, “ಮೇಜಿದ್ದಾಗ ತಲೆ ಇರ್ಲಿಲ್ಲ, ತಲೆ ಬಂತು, ಮೇಜಿಲ್ಲ,” ಎನ್ನುತ್ತಾರೆ. ಅದು ತಮಾಷೆಯಲ್ಲ ಎಂದು ಅವಳಿಗೆ ಗೊತ್ತು.

ಮೊನ್ನೆ ಮಧ್ಯಾಹ್ನ ಡಬ್ಬಿ ತೆಗೆದುಕೊಳ್ಳಲು ಕಿಟಕಿಯ ಕಡೆಗೆ ಹೋದರು. ಶಿಷ್ಯೆ ಕೀಲು ಮುಚ್ಚುತ್ತಿದ್ದಳು. ಟಕ್. ಅವಳ ಕಣತಲೆ ಉಬ್ಬಿತು. ಟಕ್. ಮತ್ತೆ ಉಬ್ಬಿತು. ಅವಳು ಎಡಗೈ ಹೆಬ್ಬೆರಳಿನಿಂದ ಅಲ್ಲಿ ಒತ್ತಿಕೊಂಡಳು.

“ಯಾವಾಗಿಂದಮ್ಮ ಇದು?”

“ಒಂದು ವರ್ಷ ಆಯ್ತೇನೋ ಮೇಷ್ಟ್ರೇ. ಈ ಮೇಜಿಗೆ ಬಂದ್ಮೇಲೆ ಜಾಸ್ತಿ. ಬೆಳಕಿಗಿರ್ಬೇಕು.”

ಅವರು ಜೇಬಿನಿಂದ ಕೆಂಪು ಚುಕ್ಕಿ ತೆಗೆದು ಅವಳ ಆರ್ಟಿಕ್ಯುಲೇಟರಿನ ಮೇಲೆ ಅಂಟಿಸಿದರು. “ಹಲ್ಲು ದಿನಕ್ಕೆ ಎಷ್ಟು ಹೊತ್ತು ಮುಟ್ಬೇಕು, ಗೊತ್ತಾ?”

ಅವಳು ನಕ್ಕಳು. ಕಲಿತ ಪಾಠವನ್ನು ಒಪ್ಪಿಸುವವಳಂತೆ ಬೆನ್ನು ನೆಟ್ಟಗೆ ಮಾಡಿದಳು.

“ಮೊದಲನೇ ದಿನಾನೇ ನೀವು ಹೇಳಿದ್ರಲ್ಲ ಮೇಷ್ಟ್ರೇ, ಮರೆತ್ರಾ? ಹದಿನಾರು ಗಂಟೆ.”