ಮೊದಲ ಹೆಜ್ಜೆಯ ತಾರೀಖು

ನಮ್ಮ ಓಣಿಯ ಕಳಕಮ್ಮನಿಗೆ ಯಾರ ಆಸ್ತಿಯ ಮೇಲೂ ಕಣ್ಣಿಲ್ಲ. ಕೊಪ್ಪಳದ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಟ್ಟು ಮಗನನ್ನು ಓದಿಸಿದವಳು. ಪಕ್ಕದ ಮನೆಯವರು ಮಹಡಿ ಮೇಲೆ ಮಹಡಿ ಏರಿಸಿದರೂ "ಕಟ್ಟಲಿ ಬಿಡವಾ" ಎನ್ನುವವಳು. ಅವಳ ಹೊಟ್ಟೆಕಿಚ್ಚೆಲ್ಲ ಒಬ್ಬಳಿಗೇ ಮೀಸಲು. ಅವಳು ತಾವರಗೇರಾದ ಬೀಗತಿ ಉಡಚಮ್ಮ, ಸೊಸೆ ಭವಾನಿಯ ತಾಯಿ.

ಚೊಚ್ಚಲ ಹೆರಿಗೆ ತವರಿನಲ್ಲಾಯಿತು. ಮೊಮ್ಮಗಳು ಅಮೃತಾಳ ಮೊದಲ ನಗು ಉಡಚಮ್ಮನ ಪಾಲಾಯಿತು, ಮೊದಲ ಹಲ್ಲೂ ಅಲ್ಲಿಗೆ ಹೋದಾಗಲೇ ಬಂತು. ಮೊದಲ ಹೆಜ್ಜೆಯಾದರೂ ತನ್ನ ಪಡಸಾಲೆಯಲ್ಲಿ ಬಿತ್ತು ಎಂದು ಕಳಕಮ್ಮ ಬೀಗುತ್ತಿದ್ದಳು. ಅದರ ವಿಡಿಯೋ ಕೂಡ ಹಿಡಿದಿದ್ದಳು. ಒಂದು ದಿನ ಉಡಚಮ್ಮ ಫೋನಿನಲ್ಲಿ, "ಆಕಿ ಮೊದಲ ನಡದಿದ್ದು ನಮ್ಮಲ್ಲೇ ಅಲ್ರಿ, ಹುಟ್ಟಿದಹಬ್ಬಕ್ಕ ಮುಂಚೇನ," ಎಂದುಬಿಟ್ಟಳು. ಅಂದಿನಿಂದ ಕಳಕಮ್ಮನಿಗೆ ಊಟ ಸೇರದು. ಭವಾನಿಯನ್ನು ಕೇಳಿದರೆ ಆ ಜಾಣೆ ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋದಳು.

ಅಷ್ಟರಲ್ಲಿ ಮಗುವಿನ ಜವಳ ಬಂತು. ಮೊದಲ ಕೂದಲು ತೆಗೆಯುವುದನ್ನು ಹಿಡಿಯೋಣವೆಂದರೆ ಮೊಬೈಲಿನಲ್ಲಿ ಜಾಗವೇ ಇಲ್ಲ, ಎಲ್ಲ ಮೊಮ್ಮಗಳ ವಿಡಿಯೋ. ಒಂದನ್ನೂ ಅಳಿಸಲು ಒಪ್ಪದ ಕಳಕಮ್ಮ ನನ್ನನ್ನು ಎಳೆದುಕೊಂಡು ರಫೀಯ ಮೊಬೈಲ್ ಅಂಗಡಿಗೆ ನಡೆದಳು.

"ಅಳಸೂದು ಬ್ಯಾಡ್ರಿ ಅವ್ವಾರ. ಎಲ್ಲಾ ಒಮ್ಮೆಲೆ ಕಂಪ್ರೆಸ್ ಮಾಡ್ತೀನಿ. ಚಿತ್ರ ಒಂಚೂರು ಮಬ್ಬಾಗಬಹುದು, ಜಾಗ ಮಾತ್ರ ಭಾಳ ಉಳಿತೈತಿ," ಎಂದ ರಫೀ.

ವಿಡಿಯೋಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು, ಮೊದಲು ನಾಲ್ಕನ್ನು ಸಣ್ಣದು ಮಾಡಿ ಮೊಬೈಲಿಗೆ ಹಾಕಿ ತೋರಿಸಿದ. ನಾಲ್ಕೂ ಗ್ಯಾಲರಿಯಲ್ಲಿ 'ಇಂದು' ಎಂಬುದರ ಕೆಳಗೆ ಬಂದು ಕೂತವು.

"ಯಪ್ಪಾ, ಕೂಸು ಇವತ್ತ ಹುಟ್ಟೇತೇನೋ? ನನಗ ತಾರೀಖ ಬೇಕು! ಆ ಉಡಚಮ್ಮನ ಮುಖಕ್ಕ ಹಿಡೀಬೇಕು!" ಕಳಕಮ್ಮ ಕೂಗಿದ್ದಕ್ಕೆ ಚಾರ್ಜರ್ ಕೊಳ್ಳಲು ಬಂದವರು ಹಿಂದೆ ಸರಿದರು.

"ಸಣ್ಣದು ಮಾಡಿದ್ದು ಹೊಸಾ ಫೈಲ್ ಆಕ್ಕೇತ್ರಿ, ಅದಕ್ಕ ಇವತ್ತಿನ ತಾರೀಖು ಬಿತ್ತು. ಶೂಟ್ ಮಾಡಿದ ದಿನ ಅಸಲಿ ಫೈಲಿನ ಒಳಗ ಬರದಿರತೈತಿ. ಅದನ್ನ ಅದರಾಗಿಂದ ತಗದು ಇದಕ್ಕ ಹಾಕ್ತೀನಿ. ಎಲ್ಲಾ ಸರಿ ಅದಾವಂತ ನೀವು ನೋಡೂಮಟ ಅಸಲಿ ಅಳಸಂಗಿಲ್ಲ."

ಸಂಜೆಗೆ ಕೆಲಸ ಮುಗಿಯಿತು. ಈ ಸಲ ವಿಡಿಯೋಗಳು ತಮ್ಮ ತಮ್ಮ ದಿನಕ್ಕೆ ಹೋಗಿ ಕೂತಿದ್ದವು. ಕಳಕಮ್ಮ ಬೆರಳಾಡಿಸುತ್ತ ಹೋದವಳು ಒಮ್ಮೆಲೇ ನಿಂತಳು. ಹುಟ್ಟುಹಬ್ಬದ ಕೇಕು ಮೊದಲು, ನಡಿಗೆ ಆಮೇಲೆ. ಉಡಚಮ್ಮ ಹುಟ್ಟುಹಬ್ಬಕ್ಕೆ ಮುಂಚೆ ಎಂದಿದ್ದಳಲ್ಲ, ಹಾಗಾದರೆ ಅವಳದೇ ಮೊದಲು. ಪಾಪ ಅನ್ನಿಸಿತು ನನಗೆ, ಸುಳ್ಳೇಕೆ, ಸ್ವಲ್ಪ ಖುಷಿಯೂ ಆಯಿತು.

ಕಳಕಮ್ಮ ದನಿ ಇಳಿಸಿ ಕೇಳಿದಳು. "ರಫೀ, ಅಸಲಿ ತಾರೀಖು ಹಾಕಾಕ ಬರತೈತಿ ಅಂದ್ರ ಬ್ಯಾರೇದೂ ಹಾಕಾಕ ಬರತೈತಲ್ಲ? ಇದೊಂದಕ್ಕ ಈಗ ಇದ್ದದ್ದಕ್ಕಿಂತ ಒಂದು ತಿಂಗಳ ಹಿಂದಿಂದು ಹಾಕಪ್ಪಾ."

"ಬರತೈತ್ರಿ. ಆದ್ರ ಸುಳ್ಳಾಕ್ಕೇತಿ."

"ನಿನಗೇನು, ನನ್ನ ಪಾಪ."

ಅವಳು ಬಿಡಲಿಲ್ಲ. ಅವನು ಗೊಣಗುತ್ತ ತಾರೀಖು ತಿದ್ದಿದ, ಫೈಲಿನ ಹೆಸರಿನಲ್ಲಿದ್ದ ತಾರೀಖನ್ನೂ ಬದಲಿಸಿದ. ನಡಿಗೆ ಕೇಕಿಗಿಂತ ಮುಂಚಿನ ದಿನಕ್ಕೆ ಹೋಗಿ ಕೂತಿತು. ಮೊಬೈಲಿನಲ್ಲಿದ್ದ ಹಳೆಯ ದೊಡ್ಡ ಫೈಲುಗಳನ್ನು ಅಳಿಸಿಯಾಯಿತು.

ಜವಳದ ದಿನ ಊಟವಾಗಿ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಾಗ ಕಳಕಮ್ಮ ಮೊಬೈಲು ಬೀಗತಿಯ ಕೈಗಿಟ್ಟಳು. "ನೋಡ್ರಿ ಬೀಗರ, ತಾರೀಖ ನೋಡ್ರಿ. ಮೊಬೈಲೇನು ಸುಳ್ಳ ಹೇಳತೈತೇನು?"

ನಾನು ಉಡಚಮ್ಮನ ಪಕ್ಕದಲ್ಲೇ ಇದ್ದೆ. ವಿಡಿಯೋದಲ್ಲಿ ಅಮೃತಾ ತೂರಾಡುತ್ತ ಒಂದು ಹೆಜ್ಜೆ ಇಟ್ಟಳು. ಘಲ್. ಇನ್ನೊಂದು ಹೆಜ್ಜೆ. ಘಲ್. ಕಾಲಲ್ಲಿ ಬೆಳ್ಳಿ ಗೆಜ್ಜೆ. ಹುಟ್ಟುಹಬ್ಬದ ದಿನ ಈ ಪಡಸಾಲೆಯಲ್ಲೇ, ಇದೇ ಉಡಚಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ತೊಡಿಸಿದ ಗೆಜ್ಜೆ. ಹುಟ್ಟುಹಬ್ಬಕ್ಕೆ ಮುಂಚೆ ಅವು ಎಲ್ಲಿಂದ ಬರಬೇಕು?

ಕುಂಬಳಕಾಯಿ ಕಳ್ಳ ಎಂದು ಯಾರೂ ಅನ್ನಲಿಲ್ಲ, ಕಳಕಮ್ಮ ಹೆಗಲು ಮುಟ್ಟಿ ನೋಡಿಕೊಂಡಳು. ಮುಖ ಬಿಳಿಚಿತು. ಆಚೆ ಕೂತವರು "ನಮಗೂ ತೋರಸ್ರಿ" ಎಂದು ಕೈ ಚಾಚಿದರು. ಉಡಚಮ್ಮ ಮೊಬೈಲಿನ ದನಿಯನ್ನು ಪೂರ್ತಿ ಇಳಿಸಿದಳು, ಮಗುವಿನ ಕಾಲು ಕಾಣುವ ಕಡೆ ಹೆಬ್ಬೆರಳಿಟ್ಟು ಎಲ್ಲರಿಗೂ ತೋರಿಸಿದಳು.

"ಹೌದ್ರವಾ, ಕೂಸು ಮೊದಲ ನಡದಿದ್ದು ಇಲ್ಲೇ. ನನಗ ಮರತಿತ್ತು."

ಬೀಗರನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಕಳಕಮ್ಮ ನನ್ನ ಮುಂದೆ ಗೊಳೋ ಎಂದು ಅತ್ತಳು. ನಾಚಿಕೆಯಾಗಿದೆ, ಬುದ್ಧಿ ಬಂತು ಎಂದುಕೊಂಡೆ.

"ನಾಕು ಮಂದ್ಯಾಗ ಬೈದಿದ್ರ ಸುಮ್ನಾಗ್ತಿದ್ನೆವಾ," ಎಂದಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ನೋಡು, ದೊಡ್ಡ ಮನಸ ಮಾಡೂದ್ರಾಗೂ ಆಕೀನ ಮೊದಲ!"