ಖಜಾಂಚಿಯ ಮನೆಯ ಬಾಕಿ

ಅಪಾರ್ಟ್‌ಮೆಂಟ್ ಸಂಘದ ಖಜಾಂಚಿ ಗಂಡ. ಸಭೆಯಲ್ಲಿ ಚಪ್ಪಾಳೆಯೂ ಅವನಿಗೇ. ಆದರೆ ಯಾರು ಯಾವ ದಿನ ಮೇಂಟೆನೆನ್ಸ್ ಕಟ್ಟಿದರೆಂದು ಬ್ಯಾಂಕಿನ ವಿವರ ನೋಡಿ ಲ್ಯಾಪ್‌ಟಾಪಿಗೆ ತುಂಬುತ್ತಿದ್ದವಳು ಹೆಂಡತಿ, ಅದೂ ಅಡುಗೆಕಟ್ಟೆಯ ಮೇಲೆ, ಕುಕ್ಕರ್ ಕೂಗುವುದರೊಳಗೆ. ಹತ್ತನೇ ತಾರೀಖು ದಾಟಿದರೆ ದಂಡ ತಾನಾಗಿ ಸೇರಿ ಬಾಕಿದಾರರ ಪಟ್ಟಿ ತಯಾರಾಗುತ್ತಿತ್ತು. ಅದನ್ನು ಲಿಫ್ಟ್ ಪಕ್ಕ ಅಂಟಿಸುವುದೂ ಅವಳ ಪಾಲಿಗೇ.

ಹೋದ ತಿಂಗಳು, ಆಸ್ಪತ್ರೆಯಲ್ಲಿ ಮಲಗಿದ್ದ ಕೆಳಮನೆಯ ಟೈಲರಮ್ಮನ ಹೆಸರು ಪಟ್ಟಿಯಲ್ಲಿ ಬಂದಾಗ ಗಂಡ, "ರೂಲ್ಸ್ ಅಂದ್ರೆ ರೂಲ್ಸ್" ಎಂದಿದ್ದ.

ಈ ತಿಂಗಳು ಪಟ್ಟಿಯಲ್ಲಿ ಅವರದೇ ಮನೆ. ಕಟ್ಟುವುದನ್ನು ಅವನೇ ಮರೆತಿದ್ದ.

"ಈಗಲೇ ಕಟ್ತೀನಿ. ಒಂಬತ್ತನೇ ತಾರೀಖೇ ದುಡ್ಡು ಬಂತು ಅಂತ ಹಾಕ್ಬಿಡೇ. ಇಲ್ದಿದ್ರೆ ನನ್ನ ಮರ್ಯಾದೆ ಹೋಗುತ್ತೆ."

"ಬ್ಯಾಂಕಲ್ಲಿ ಇವತ್ತಿನ ತಾರೀಖೇ ಬೀಳುತ್ತಲ್ರೀ. ಟೈಲರಮ್ಮಂಗೆ ಮರ್ಯಾದೆ ಇರ್ಲಿಲ್ವಾ?"

"ಮನೇಲಿ ಕೂತು ನಾಲ್ಕು ಅಂಕಿ ತುಂಬೋಕೆ ಇಷ್ಟು ಜಂಬನಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಪಟ್ಟಿಯನ್ನು ಹಾಗೆಯೇ ಮುದ್ರಿಸಿ, ಕೆಳಗಿಳಿದು ಅಂಟಿಸಿ ಬಂದಳು. ಬಂದವಳೇ ಲ್ಯಾಪ್‌ಟಾಪನ್ನು ಅವನ ತೊಡೆಯ ಮೇಲಿಟ್ಟಳು.

"ತಗೊಳ್ಳಿ ಖಜಾಂಚಿಗಳೇ. ಆ ನಾಲ್ಕು ಅಂಕಿ ಇನ್ಮೇಲೆ ನೀವೇ ತುಂಬ್ಕೊಳ್ಳಿ."